ದಮ್ಮು ಬಂದಾಗ ಮಾತ್ರ ಆಕ್ಸಿಜನ್?

ಬದಿಯಡ್ಕದ ನಮ್ಮ ಸೋದರಮಾವನಿಗೆ 71 ವರ್ಷ. ಬೀಡಿ ಬಿಟ್ಟು ಆರು ವರ್ಷವಾದರೂ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಅವರನ್ನು ಬಿಟ್ಟಿಲ್ಲ. ಕಳೆದ ಮಳೆಗಾಲದಲ್ಲಿ ಎದೆಗೆ ಸೋಂಕಾಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಮನೆಗೆ ಹೊರಡುವ ದಿನ ಆಕ್ಸಿಮೀಟರ್ 86 ತೋರಿಸಿತು. ಆಕ್ಸಿಜನ್ ಕೊಡುವ ಮೆಷಿನ್, ಕಾನ್ಸಂಟ್ರೇಟರ್, ಬಾಡಿಗೆಗೆ ತಂದೆವು. ಅದು ತಪ್ಪಲ್ಲ.

ತಪ್ಪಾಗಿದ್ದು ಆಮೇಲೆ. ಮೆಷಿನ್ ತಂದುಕೊಟ್ಟವನು "ದಮ್ಮು ಬಂದಾಗ ಹಾಕಿ" ಅಂದು ಹೋದ. ಮಾವ ದಿನಕ್ಕೆ ಎರಡು ಗಂಟೆ ಹಾಕುತ್ತಿದ್ದರು, ಉಳಿದ ಹೊತ್ತು ಮಂಚ. ಬಚ್ಚಲಿಗೆ ಹೋಗಲೂ ಹೆದರಿಕೆ.

ಮನೆಯ ಆಕ್ಸಿಜನ್ ದಮ್ಮಿನ ಮದ್ದಲ್ಲ. ರಕ್ತದಲ್ಲಿ ಆಕ್ಸಿಜನ್ ಯಾವಾಗಲೂ ಕಡಿಮೆ ಇದ್ದರೆ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಹೃದಯದ ಬಲಭಾಗ ಸೋಲುತ್ತದೆ. ಅದನ್ನು ತಡೆಯಲು ಮೆಷಿನ್ ಬೇಕು. ಆಯುಷ್ಯ ಹೆಚ್ಚಿದ್ದು ದಿನಕ್ಕೆ ಕನಿಷ್ಠ 15 ಗಂಟೆ ಹಾಕಿದವರಿಗೆ. 1980-81ರ ಎರಡು ಅಧ್ಯಯನಗಳಿಂದಲೇ ಈ ಲೆಕ್ಕ ಬಂದಿದ್ದು. ನಿದ್ದೆಯ ಹೊತ್ತೂ ಅದರಲ್ಲಿ ಸೇರುತ್ತದೆ. ಎರಡು ಗಂಟೆಯಲ್ಲಿ ಕರೆಂಟ್ ಬಿಲ್ ಏರುತ್ತದೆ, ಅಷ್ಟೇ.

ಹಾಗಾದರೆ ಯಾರಿಗೆ ಬೇಕು? ಸುಮ್ನೆ ಕೂತಿರುವಾಗ, ಮೆಷಿನ್ ಇಲ್ಲದೆ, ಆಕ್ಸಿಮೀಟರ್ 88 ಅಥವಾ ಕೆಳಗೆ ಇರುವವರಿಗೆ. ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯಲ್ಲಾದರೆ ಆಕ್ಸಿಜನ್ ಅಂಕಿ 55 ಅಥವಾ ಕೆಳಗೆ. ಕಾಲು ಊದಿ ಹೃದಯಕ್ಕೆ ತೊಂದರೆ ಶುರುವಾಗಿದ್ದರೆ 59ರವರೆಗೂ ಕೊಡುತ್ತಾರೆ. ಆದರೆ ಸೋಂಕಿನ ದಿನಗಳ ಅಂಕಿ ನಂಬುವಂತಿಲ್ಲ. ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ತಾನೇ ಏರುತ್ತದೆ. ಅದಕ್ಕೇ ಎರಡು-ಮೂರು ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮೂರನೇ ತಿಂಗಳು ಬೇರೆ ಡಾಕ್ಟರ ಹತ್ತಿರ ಹೋದೆವು. ಕೂತಾಗ 93, ಎಬಿಜಿ 66. "ಮೆಷಿನ್ ವಾಪಸ್ ಕೊಡಿ" ಅಂದರು. ಅತ್ತೆ ಅಲ್ಲೇ ಅಳಲು ಶುರು ಮಾಡಿದರು. "ಮತ್ತೆ ಈ ದಮ್ಮು ಎಲ್ಲಿಂದ?" ಎಂದು ಕೇಳಿದೆ. ಗಾಳಿ ಪೂರ್ತಿ ಹೊರಗೆ ಹೋಗದೆ ಎದೆಯಲ್ಲಿ ಉಳಿಯುತ್ತದೆ, ಜೊತೆಗೆ ಮಲಗಿ ಮಲಗಿ ತೊಡೆ ಸೊರಗಿದೆ ಅಂದರು. ಸೊರಗಿದ ಕಾಲಿಗೆ ನಾಲ್ಕು ಹೆಜ್ಜೆಯೂ ಭಾರ, ಅಲ್ವಾ? ಅದಕ್ಕೆ ಪಲ್ಮನರಿ ರಿಹ್ಯಾಬ್, ಅಂದರೆ ಶ್ವಾಸಕೋಶದ ರೋಗಿಗಳಿಗೆ ಕಲಿಸುವ ವ್ಯಾಯಾಮ ಮತ್ತು ಉಸಿರಾಟದ ತರಬೇತಿ, ಬರೆದುಕೊಟ್ಟರು.

ಮೊದಲ ದಿನ ಆರು ನಿಮಿಷ ನಡೆಸಿದರು. ಮಾವ ಹೋದದ್ದು 190 ಮೀಟರ್. ಎಂಟು ವಾರ, ವಾರಕ್ಕೆ ಎರಡು ದಿನ ಮಂಗಳೂರು, ಉಳಿದ ದಿನ ಮನೆಯಂಗಳ. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಏದುಸಿರು ಬರುವವರೆಗೆ ನಡೆಯಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಬೇಕು. ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡಬೇಕು. ದಮ್ಮು ಜಾಸ್ತಿಯಾದರೆ ಮುಖದ ಹತ್ತಿರ ಚಿಕ್ಕ ಫ್ಯಾನ್. ನನಗೆ ನಗು ಬಂದಿತ್ತು, ಆದರೆ ಅದು ಕೆಲಸ ಮಾಡುತ್ತದೆ.

ಕೊನೆಗೆ 255 ಮೀಟರ್. ಸುಮಾರು 30 ಮೀಟರ್ ಹೆಚ್ಚಿದರೂ ಲಾಭವೆಂದೇ ಲೆಕ್ಕವಂತೆ. ಎಬಿಜಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ, ಶ್ವಾಸಕೋಶವೂ ಹಳೆಯದೇ. ಈಗ ಮಾವ ಅಡಿಕೆ ಒಣಹಾಕಿದ ಅಂಗಳದವರೆಗೆ ಹೋಗಿ ಆಳುಗಳನ್ನು ಬೈದು ಬರುತ್ತಾರೆ.

ಮುಂದೆ ಎಂದಾದರೂ ಎಬಿಜಿ 55ಕ್ಕೆ ಇಳಿದರೆ ಮೆಷಿನ್ ಮತ್ತೆ ತರುತ್ತೇನೆ. ಆಗ ಗೋಡೆಗೆ ಒಂದು ಚೀಟಿ ಅಂಟಿಸಿ ಗಂಟೆ ಬರೆಯುತ್ತೇವೆ.