ಮಿಷನ್ನಿನ ಮುಖ ನೋಡಿ ಚೈನ್ ಕೊಡುವವರು

ಮದ್ದೂರಿನ ಹತ್ತಿರವಿರುವ ನಮ್ಮ ಭಾವ ಮರ ಕೊಯ್ಯುವ ಮಿಷನ್ನಿಗೆ ಹೊಸ ಚೈನ್ ಬೇಕೆಂದು ಅದರ ಫೋಟೋ ತೆಗೆದು ಮಂಡ್ಯದ ಅಂಗಡಿಯೊಂದಕ್ಕೆ ಕಳಿಸಿದರು. ‘ಹದಿನೆಂಟು ಇಂಚಿನದು ಸ್ವಾಮಿ, ಬಸ್ಸಿಗೆ ಹಾಕುತ್ತೇನೆ’ ಎಂದು ತಕ್ಷಣ ಉತ್ತರ ಬಂತು. ಚೈನೂ ಬಂತು, ಆದರೆ ಅದು ಸುತ್ತಬೇಕಾದ ಉದ್ದನೆಯ ಪಟ್ಟಿ, ಅಂದರೆ ಬಾರ್ ಮೇಲೆ ಕೂರಲಿಲ್ಲ. ಅದೇ ಫೋಟೋವನ್ನು ನಾನಿರುವ ಕೋಟ್ಟಯಂನ ಅಂಗಡಿಯಲ್ಲಿ ತೋರಿಸಿದೆ. ಅವರು ನೋಡುವ ಗೋಜಿಗೇ ಹೋಗದೆ, ‘ಬಾರ್ ಕಳಚಿ, ಬುಡದ ಫೋಟೋ ತರಿಸಿ’ ಎಂದರು. ರಬ್ಬರ್ ಮರ ಕೊಯ್ಯುವವರ ಊರು, ಅವರಿಗೆ ಇದು ದಿನದ ವ್ಯವಹಾರ. ನಮ್ಮವರಿಗೆ ಮಾತ್ರ ಕೇಳುವುದೆಂದರೆ ಅವಮಾನ.

ಕಿತ್ತಳೆ ಬಣ್ಣದ ಮಿಷನ್ನುಗಳೆಲ್ಲ ಫೋಟೋದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಸ್ಟಿಕ್ಕರ್ ಅಳಿಸಿಹೋಗಿದ್ದರಂತೂ ಮುಗಿಯಿತು. ಮಾಡೆಲ್ ಸರಿಯಾಗಿ ಹೇಳಿದರೂ ಸಾಲದು. ಒಂದೇ ಮಿಷನ್ನಿಗೆ ಬೇರೆ ಬೇರೆ ಬಾರ್ ಕೂರುತ್ತದೆ, ಹಿಂದಿನವರು ಬದಲಾಯಿಸಿಯೂ ಇರಬಹುದು. ಎಂಜಿನ್ ಆರಿಸಿ, ಪ್ಲಗ್ ವೈರ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿದರೆ ಬಾರ್‌ನ ಬುಡದಲ್ಲಿ ಸಾಮಾನ್ಯವಾಗಿ ಮೂರು ವಿಷಯ ಕೆತ್ತಿರುತ್ತಾರೆ: ರಿವೆಟ್‌ಗಳ ಸರಾಸರಿ ಅಂತರವಾದ ಪಿಚ್, ಬಾರ್‌ನ ಸಂದಿಗೆ ಇಳಿಯುವ ಲಿಂಕ್‌ಗಳ ದಪ್ಪವಾದ ಗೇಜ್, ಆ ಲಿಂಕ್‌ಗಳ ಸಂಖ್ಯೆ. ಚೈನ್ ಕೊಳ್ಳಲು ಬೇಕಾದದ್ದು ಅಷ್ಟೇ.

ಭಾವನ ಬಾರ್‌ನಲ್ಲಿ ಆ ಕೆತ್ತನೆ ಸವೆದುಹೋಗಿತ್ತು. ಹಳೆಯ ಚೈನನ್ನು ಸ್ಕೇಲ್ ಪಕ್ಕ ಇಟ್ಟು ಫೋಟೋ ಕಳಿಸಲು ಹೇಳಿದೆ. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಸುಮಾರು 19 ಮಿ.ಮೀ. ಇತ್ತು. ಅದರ ಅರ್ಧ ಒಂಬತ್ತೂವರೆ, ಅಂದರೆ 3/8 ಇಂಚು ಪಿಚ್. ಮಂಡ್ಯದಿಂದ ಬಂದ ಚೈನ್‌ನಲ್ಲಿ ಅದೇ ಅಳತೆ ಹದಿನಾರೂವರೆ, ಅದು 0.325 ಇಂಚಿನದು. ಅದರ ಲಿಂಕ್‌ಗಳು ಸ್ಪ್ರಾಕೆಟ್ ಹಲ್ಲಿಗೆ ಹೊಂದದೆ ಮೇಲಕ್ಕೆ ಎದ್ದು ನಿಲ್ಲುತ್ತಿದ್ದವು. ಸಂದಿಗೆ ಇಳಿಯುವ ಲಿಂಕ್‌ಗಳನ್ನು ಎಣಿಸಿದಾಗ ಹಳೆಯದರಲ್ಲಿ 62, ಹೊಸದರಲ್ಲಿ 72. ಎರಡೂ ಹದಿನೆಂಟು ಇಂಚಿನ ಬಾರ್‌ಗೇ ಆಗುವಂಥವು! ಇಂಚು ಒಂದನ್ನೇ ಕೇಳಿದರೆ ಹೀಗೇ ಆಗುವುದು.

ಗೇಜ್‌ನದು ಇನ್ನೂ ಮೋಸದ ವಿಷಯ, ಫೋಟೋದಲ್ಲಿ ಗೊತ್ತಾಗುವುದಿಲ್ಲ. 1.5 ಮಿ.ಮೀ. ಸಂದಿಗೆ 1.3ರ ಚೈನ್ ಸಲೀಸಾಗಿ ಇಳಿಯುತ್ತದೆ, ಓಡುತ್ತದೆ ಕೂಡ. ಆದರೆ ಪಕ್ಕಕ್ಕೆ ವಾಲಿ ಮರವನ್ನು ಸೊಟ್ಟಗೆ ಕೊಯ್ಯುತ್ತದೆ. ಲಿಂಕ್‌ನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಬೇಕು, ಇಲ್ಲವೇ ಅದರ ಮೇಲೆ ಅಚ್ಚೊತ್ತಿದ ಗುರುತನ್ನು ಕಂಪನಿಯ ಪಟ್ಟಿಯೊಂದಿಗೆ ಹೋಲಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಲೇಬೇಕಾದ ಮಾತೊಂದಿದೆ. ಕೋಟ್ಟಯಂನ ಅಂಗಡಿಯಲ್ಲಿ ಡಬ್ಬಿ ಬಿಚ್ಚಿದ ಚೈನ್ ವಾಪಸ್ ಕೊಡಲು ಹೋದರೆ ಗೋಡೆಯ ಮೇಲಿನ ಬೋರ್ಡ್ ತೋರಿಸುತ್ತಾರೆ. ಮಂಡ್ಯದವರು ಗ್ರೀಸ್ ಮೆತ್ತಿಕೊಂಡಿದ್ದ ಚೈನನ್ನು ತುಟಿಪಿಟಕ್ಕೆನ್ನದೆ ತೆಗೆದುಕೊಂಡು, ಸರಿಯಾದುದನ್ನು ಅದೇ ಸಂಜೆ ಬಸ್ಸಿಗೆ ಹಾಕಿದರು, ಬಸ್ ಚಾರ್ಜ್ ಕೂಡ ಕೇಳಲಿಲ್ಲ. ತೆಂಗಿನ ಮರ ಕೊಯ್ಯಲು ಬಂದು ಸುಮ್ಮನೆ ಕುಳಿತಿದ್ದ ಆಳುಗಳ ದಿನಗೂಲಿಯನ್ನು ಮಾತ್ರ ಭಾವನೇ ಕೊಟ್ಟರು.