ಪೂರ್ವಪಕ್ಷ ಸಂಹಾರ

ಸಂಶೋಧನಾ ಪ್ರಬಂಧಗಳಲ್ಲಿ ಎದುರಾಳಿಯನ್ನು ಸೋಲಿಸುವ ವಿಧಾನವು ಈಚೆಗೆ ಬಹಳ ಸುಧಾರಿಸಿದೆ. ಆತ ಬರೆದದ್ದನ್ನು ಓದುವ ತೊಂದರೆಯೇ ಇಲ್ಲ; 'ಕೆಲವರು ಹೀಗೆ ವಾದಿಸುತ್ತಾರೆ' ಎಂದು ಆರಂಭಿಸಿ, ಭೂಮಿಯ ಮೇಲೆ ಯಾರೂ ಆಡಿರದ ಮಾತೊಂದನ್ನು ಆ ಕೆಲವರ ಬಾಯಿಗೆ ತುರುಕಿ, ಮುಂದಿನ ಪುಟದಲ್ಲಿ ಅದನ್ನು ನುಚ್ಚುನೂರು ಮಾಡಿದರೆ ಅಧ್ಯಾಯ ಮುಗಿಯುತ್ತದೆ. ಉತ್ತರಕುಮಾರನಿಗಾದರೂ ಎದುರಿಗೆ ನಿಜವಾದ ಸೈನ್ಯವಿತ್ತು.

ಕಡ್ಡಾಯ ಹಾಜರಾತಿಯನ್ನು ವಿರೋಧಿಸಿ ಬರೆಯುತ್ತಿರುವ ವಿದ್ವಾಂಸರೊಬ್ಬರನ್ನು ಊಹಿಸಿಕೊಳ್ಳಿ. ಅವರ ಪೂರ್ವಪಕ್ಷ, ಎಂದರೆ ಖಂಡಿಸುವ ಮೊದಲು ಮಂಡಿಸಬೇಕಾದ ಎದುರಾಳಿಯ ವಾದ, ಒಂದೇ ಸಾಲಿನದು: 'ಹಾಜರಾತಿ ಬೇಕೆನ್ನುವವರು ವಿದ್ಯಾರ್ಥಿಗಳನ್ನು ಕುರಿಗಳೆಂದು ತಿಳಿದಿದ್ದಾರೆ.' ಖಂಡನೆಯಂತೂ ಪುಟಗಟ್ಟಲೆ ಹರಿದಿದೆ.

ಎದುರಾಳಿಯ ಮಾತಿಗೆ ಹೊಂದುವ ಅರ್ಥಗಳಲ್ಲಿ ಹೆಚ್ಚು ವಿವೇಕದ್ದನ್ನೇ ಆರಿಸಿಕೊಳ್ಳಬೇಕೆಂದು ಔದಾರ್ಯ ತತ್ತ್ವ ಹೇಳುತ್ತದೆ. ಎದುರಾಳಿಯ ವಾದವನ್ನು ಬಲಪಡಿಸಿಯೇ ಎದುರಿಸುವ ಸ್ಟೀಲ್‌ಮ್ಯಾನಿಂಗ್ ಇನ್ನೂ ಮುಂದೆ ಹೋಗಿ, ಆತ ಹೇಳಲು ಮರೆತ ಕಾರಣವನ್ನೂ ಒದಗಿಸೆನ್ನುತ್ತದೆ. ಹಾಗೆ ಮಾಡಿದರೆ ಪೂರ್ವಪಕ್ಷದ ರೂಪವೇ ಬೇರೆ: ತರಗತಿಗೆ ಬರುವವರು ಸಾಮಾನ್ಯವಾಗಿ ಹೆಚ್ಚು ಅಂಕ ಪಡೆಯುತ್ತಾರೆ, ತಪ್ಪಿಸಿಕೊಳ್ಳುವವರಲ್ಲಿ ಪಾಠದ ಅಗತ್ಯ ಹೆಚ್ಚಿರುವವರೇ ಇರಬಹುದು, ಆದ್ದರಿಂದ ನಿಯಮವು ಅವರನ್ನು ಅವರದೇ ಆಲಸ್ಯದಿಂದ ಕಾಪಾಡುತ್ತದೆ.

ಇದಕ್ಕೆ ಉತ್ತರವಿದೆ. ಆಸಕ್ತಿಯುಳ್ಳವರು ತಾವಾಗಿ ತರಗತಿಗೂ ಬರುತ್ತಾರೆ, ಮನೆಯಲ್ಲೂ ಓದುತ್ತಾರೆ. ಹಾಗಿರುವಾಗ ಅಂಕ ತಂದುಕೊಟ್ಟದ್ದು ಹಾಜರಾತಿಯೋ ಆಸಕ್ತಿಯೋ ಎಂದು ಕೇಳಬೇಕು. ಆಗ ನಿಯಮವಿರುವ ಮತ್ತು ಇಲ್ಲದ ತರಗತಿಗಳನ್ನು ಹೋಲಿಸಿ, ಬಲವಂತವೊಂದರಿಂದಲೇ ಎಷ್ಟು ಕಲಿಕೆಯಾಯಿತೆಂದು ತೋರಿಸಬೇಕಾಗುತ್ತದೆ. ಹೊಸದಾಗಿ ಸೇರಿದವರಿಗೆ ನಿಯಮ ಉಪಯುಕ್ತವೆಂದು ಒಪ್ಪಬೇಕಾಗಿಯೂ ಬರಬಹುದು. ಹೀಗೆ ಕಿರಿದಾಗಿ ಉಳಿದ ವಾದವನ್ನು ಅಲುಗಾಡಿಸುವುದು ಕಷ್ಟ. ಆದರೆ ಪ್ರಬಂಧದ ಶೀರ್ಷಿಕೆಯನ್ನು ಬದಲಿಸಬೇಕಾಗುತ್ತದೆ, ಮತ್ತು ಶೀರ್ಷಿಕೆ ಈಗಾಗಲೇ ನೋಂದಣಿಯಾಗಿದೆ.

ಔದಾರ್ಯಕ್ಕೂ ಮಿತಿಯುಂಟು. ನಾವು ಸೇರಿಸಿದ ಕಾರಣ ನಮ್ಮದೆಂದು ಬರೆಯದಿದ್ದರೆ, ಆಡದ ಮಾತನ್ನು ಅಂಟಿಸುವ ಹಳೆಯ ತಪ್ಪೇ ಅಲಂಕಾರ ತೊಟ್ಟು ಬಂದಂತಾಗುತ್ತದೆ. ನಮ್ಮ ನಿರೂಪಣೆಯನ್ನು ಓದಿದ ಎದುರಾಳಿ 'ಹೌದು, ನಾನು ಹೇಳುವುದು ಇದನ್ನೇ' ಎಂದರೆ ಪರೀಕ್ಷೆಯಲ್ಲಿ ಗೆದ್ದಂತೆ. ನಮ್ಮ ವಿದ್ವಾಂಸರ 'ಕೆಲವರಿಗೆ' ವಿಳಾಸವಿಲ್ಲದಿರುವುದರಿಂದ ಈ ಪರೀಕ್ಷೆ ಅವರಿಗೆ ಅನ್ವಯಿಸುವುದಿಲ್ಲ.

ಈ ಸುಲಭೋಪಾಯ ಪಾಪ ಡಾರ್ವಿನ್‌ಗೆ ತಿಳಿದಿರಲಿಲ್ಲ. ಕಣ್ಣಿನಷ್ಟು ಜಟಿಲವಾದ ಅಂಗ ನೈಸರ್ಗಿಕ ಆಯ್ಕೆಯಿಂದ ರೂಪುಗೊಂಡಿತೆನ್ನುವುದು ಅತ್ಯಂತ ಅಸಂಬದ್ಧವಾಗಿ ತೋರುತ್ತದೆಂದು 1859ರ ತನ್ನ ಗ್ರಂಥದಲ್ಲಿ ತಾನೇ ಬರೆದುಕೊಂಡು, ಬಳಿಕ ಸರಳ ಕಣ್ಣುಗಳಿಂದ ಜಟಿಲ ಕಣ್ಣುಗಳವರೆಗಿನ ಮೆಟ್ಟಿಲುಗಳನ್ನು ತೋರಿಸುವ ಶ್ರಮಪಟ್ಟ. ಅಷ್ಟಕ್ಕೂ ಬಿಡದೆ, ಅರೆಬೆಳೆದ ಅಂಗದಿಂದೇನು ಪ್ರಯೋಜನವೆಂದು ಜೀವಶಾಸ್ತ್ರಜ್ಞ ಸೇಂಟ್ ಜಾರ್ಜ್ ಮಿವಾರ್ಟ್ ಕೇಳಿದಾಗ, 1872ರ ಆವೃತ್ತಿಗೆ ಆಕ್ಷೇಪಗಳಿಗೆಂದೇ ಹೊಸ ಅಧ್ಯಾಯ ಸೇರಿಸಿದ. 'ಕೆಲವರು' ಎಂದು ಬರೆದಿದ್ದರೆ ಎಷ್ಟು ಕಾಗದ ಉಳಿಯುತ್ತಿತ್ತು!

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಕೇಳುತ್ತಾರೆ: "ತರಗತಿಗೆ ಬಂದವರಿಗೆ ಅಂಕ ಹೆಚ್ಚು ಬರುತ್ತದಲ್ಲ, ಅದಕ್ಕೇನು ಹೇಳುತ್ತೀರಿ?"

"ಸರ್, ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ."