ಆ ಮೂರನೇ ನಲ್ಲಿ ಯಾರಾದ್ರೂ ಮುಚ್ರಪ್ಪಾ

ಒಂದು ತೊಟ್ಟಿ ಇದೆ. ಎ ಅನ್ನೋ ನಲ್ಲಿ ಅದನ್ನು 12 ಗಂಟೆಯಲ್ಲಿ ತುಂಬುತ್ತದೆ, ಬಿ ಅನ್ನೋ ನಲ್ಲಿ 15 ಗಂಟೆಯಲ್ಲಿ. ಸಿ ಅನ್ನೋ ನಲ್ಲಿ ತುಂಬಿದ ತೊಟ್ಟಿಯನ್ನು 20 ಗಂಟೆಯಲ್ಲಿ ಖಾಲಿ ಮಾಡುತ್ತದೆ. ಮೂರನ್ನೂ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು?

ನಮ್ಮಜ್ಜಿಗೆ ಈ ಲೆಕ್ಕ ಕೊಟ್ಟಿದ್ದರೆ ಮೊದಲು ಕೇಳ್ತಿದ್ದದ್ದು ಒಂದೇ: ಸಿ ತೆರೆದವನು ಯಾವನು? ಕೈಗೆ ಸಿಕ್ಕಿದ್ದರೆ ಎರಡು ಬಿಡ್ತಿದ್ದಳು ಕೂಡ. ಆದರೆ ಪರೀಕ್ಷೆಯಲ್ಲಿ 'ಸಿ ಮುಚ್ಚಬೇಕು' ಅನ್ನೋ ಆಯ್ಕೆ ಇರುವುದಿಲ್ಲ. ಇರುವ ಆಯ್ಕೆಗಳೆಲ್ಲ ಗಂಟೆಗಳೇ. ತಪ್ಪಾದರೆ ಕಾಲು ಅಂಕ ಕಡಿತ. ನೀರು ಹರಿದು ಹೋಗುತ್ತಿರುವುದನ್ನು ನೋಡಿಯೂ ಏನೂ ಕೇಳದೆ ಲೆಕ್ಕ ಮಾತ್ರ ಬರೆಯುವವನಿಗೆ ಸರ್ಕಾರಿ ಕೆಲಸ. ಯೋಚನೆ ಮಾಡಿದರೆ ಆಯ್ಕೆಯ ಕ್ರಮ ಸರಿಯಾಗಿಯೇ ಇದೆ ಅನಿಸುತ್ತದೆ.

ಇನ್ನು ಸಮಯ ನೋಡಿ. ಬ್ಯಾಂಕ್ ಗುಮಾಸ್ತರ ಪೂರ್ವಭಾವಿ ಪರೀಕ್ಷೆಯಲ್ಲಿ ಲೆಕ್ಕಕ್ಕೆ 35 ಪ್ರಶ್ನೆ, 20 ನಿಮಿಷ. ಅಂದರೆ ಒಂದು ತೊಟ್ಟಿಗೆ ಹೆಚ್ಚುಕಮ್ಮಿ 34 ಸೆಕೆಂಡ್. ಶಾಲೆಯಲ್ಲಿ ಕಲಿತ ಹಾಗೆ 1/12 ಕೂಡಿಸು 1/15 ಕಳೆ 1/20 ಅಂತ ಶುರು ಮಾಡಿದರೆ ಛೇದ ಸರಿಮಾಡುವಷ್ಟರಲ್ಲಿ ಪಕ್ಕದವನು ಮೂರು ತೊಟ್ಟಿ ತುಂಬಿಸಿ ಮುಂದೆ ಹೋಗಿರ್ತಾನೆ. ಅದಕ್ಕೇ ಕೋಚಿಂಗ್ ಮೇಷ್ಟ್ರು ಮೊದಲ ದಿನವೇ ಭಿನ್ನರಾಶಿ ಬಿಡಿಸಿಬಿಡ್ತಾರೆ. '12, 15, 20 ಇವುಗಳ ಲಸಾಅ ಎಷ್ಟ್ರಪ್ಪಾ? 60. ತೊಟ್ಟಿ ಹಿಡಿಯೋದು 60 ಬಕೆಟ್ ಅಂದ್ಕೊಳ್ಳಿ. ಯಾರೂ ಅಳೆಯೋಕೆ ಬರಲ್ಲ.'

ನಿಜ, ಯಾರೂ ಬರಲ್ಲ. ತೊಟ್ಟಿ ಎಷ್ಟು ದೊಡ್ಡದು ಅಂತ ಪ್ರಶ್ನೆ ಹೇಳಿಯೇ ಇಲ್ಲ, ಹಾಗಾಗಿ ನಮಗೆ ಅನುಕೂಲವಾದ ಅಳತೆ ಇಟ್ಟುಕೊಳ್ಳಬಹುದು. 60 ಬಕೆಟ್ ಅಂದ ಕೂಡಲೇ ಎ ಗಂಟೆಗೆ 5 ಬಕೆಟ್ ಹಾಕ್ತಾನೆ, ಬಿ 4 ಹಾಕ್ತಾನೆ, ಸಿ 3 ಕದೀತಾನೆ. ಉಳಿದದ್ದು ಗಂಟೆಗೆ 6. ಅರವತ್ತಕ್ಕೆ ಹತ್ತು ಗಂಟೆ. ಮುಗೀತು. ಇನ್ನೂ ಸೋಮಾರಿಗಳಿಗೆ ಇನ್ನೊಂದು ದಾರಿ ಇದೆ: ಬಿ ತುಂಬುವುದು ಸಿ ಖಾಲಿ ಮಾಡುವುದಕ್ಕಿಂತ ಜೋರು, ಹಾಗಾಗಿ ಇಬ್ಬರೂ ಸೇರಿ ಎಗೆ ಸ್ವಲ್ಪ ಸಹಾಯವೇ ಮಾಡ್ತಾರೆ, ಉತ್ತರ 12ಕ್ಕಿಂತ ಕಡಿಮೆಯೇ ಇರಬೇಕು. 12 ದಾಟಿದ ಆಯ್ಕೆಗಳನ್ನು ಪೆನ್ನು ಮುಟ್ಟುವ ಮೊದಲೇ ಹೊಡೆದು ಹಾಕಬಹುದು.

ತೊಟ್ಟಿ ತೆಗೆದು ಅಲ್ಲಿ ಗೋಡೆ ಇಟ್ಟರೆ ಅದೇ ಲೆಕ್ಕಕ್ಕೆ 'ಕಾಲ ಮತ್ತು ಕೆಲಸ' ಅಂತ ಹೆಸರು. ರಾಮ 12 ದಿನದಲ್ಲಿ ಕಟ್ತಾನೆ, ಶಾಮ 15 ದಿನದಲ್ಲಿ ಕಟ್ತಾನೆ, ಭೀಮ 20 ದಿನದಲ್ಲಿ ಕೆಡವುತ್ತಾನೆ. ಭೀಮನಿಗೂ ಕೂಲಿ ಕೊಡ್ತಾರಾ ಅಂತ ನಾನು ಕ್ಲಾಸಲ್ಲಿ ಕೇಳಿದ್ದೆ. ನಮ್ಮ ರಸ್ತೆಯಲ್ಲಿ ಡಾಂಬರು ಹಾಕಿದ ಮರುವಾರವೇ ಕೇಬಲ್ಲಿಗೆ ಅಗೆಯಲು ಬಂದವರನ್ನು ನೋಡಿದ ಮೇಲೆ ಉತ್ತರ ತಾನಾಗಿ ಸಿಕ್ಕಿತು.

ಇವೆಲ್ಲ ಸುಲಭದವು. ಪ್ರಶ್ನೆ ಬರೆಯುವವರಿಗೆ ನಿಜವಾಗಿ ಕೈ ಕಡಿಯೋದು ಸರದಿ ಲೆಕ್ಕ ಬರೆಯುವಾಗ. ಎ ತುಂಬಲು 10 ಗಂಟೆ, ಬಿ ಖಾಲಿ ಮಾಡಲು 15 ಗಂಟೆ, ಒಂದೊಂದು ಗಂಟೆ ಸರದಿಯಂತೆ ತೆರೆಯುತ್ತಾರೆ, ಮೊದಲು ಎ. ಲಸಾಅ 30. ಎ 3 ಬಕೆಟ್ ಹಾಕ್ತಾನೆ, ಬಿ 2 ತೆಗೀತಾನೆ, ಎರಡು ಗಂಟೆಗೆ ಒಂದು ಬಕೆಟ್ ಲಾಭ. ಮೂವತ್ತು ಬಕೆಟ್‌ಗೆ 60 ಗಂಟೆ ಅಂತ ಖುಷಿಯಾಗಿ ಗುರುತು ಹಾಕಿ ಬಂದವರೆಲ್ಲ ಕಾಲು ಅಂಕ ಕಳ್ಕೊಂಡರು. ಯಾಕಂದ್ರೆ 54 ಗಂಟೆ ಮುಗಿದಾಗ ತೊಟ್ಟಿಯಲ್ಲಿ 27 ಬಕೆಟ್ ಇರುತ್ತದೆ, ಮುಂದಿನ ಸರದಿ ಎಯದು, ಅವನು ಮೂರು ಸುರಿದರೆ ತೊಟ್ಟಿ ತುಂಬಿಯೇ ಹೋಯಿತು. ಬಿ ತೆಗೆಯೋಕೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಉತ್ತರ 55. ಎಯ ಕೊನೆಯ ಸುರಿತವನ್ನು ಮೊದಲು ಪಕ್ಕಕ್ಕೆ ಇಟ್ಟು, ಉಳಿದದ್ದನ್ನು ಜೋಡಿ ಜೋಡಿಯಾಗಿ ಭಾಗಿಸಬೇಕು, ಅಷ್ಟೇ. ಎರಡು ಹಗಲು ಎರಡು ರಾತ್ರಿ ನಿದ್ದೆಗೆಟ್ಟು ಗಂಟೆಗೊಮ್ಮೆ ಎದ್ದು ನಲ್ಲಿ ತಿರುಗಿಸುವ ಆ ಮನುಷ್ಯ ಯಾರು, ಅವನ ಮನೆಯವರು ಅವನನ್ನು ಎಲ್ಲಿಗಾದರೂ ತೋರಿಸಿದ್ದಾರಾ, ಅದನ್ನು ಪಠ್ಯಕ್ರಮದಲ್ಲಿ ಇಟ್ಟಿಲ್ಲ.

ನನ್ನ ತಲೆ ಕೆಟ್ಟಿದ್ದು ಇದರಿಂದಲ್ಲ. ನಮ್ಮ ಪಿಜಿಯ ಬಕೆಟ್‌ನಿಂದ.

ಆ ಬಕೆಟ್‌ಗೆ ತಳದ ಹತ್ತಿರ ಒಂದು ಸಣ್ಣ ತೂತು. ಬೆಳಗ್ಗೆ ತುಂಬಿಸಿ, ಹಲ್ಲುಜ್ಜಿ ಬಂದು ನೋಡಿದರೆ ಅರ್ಧ ಖಾಲಿ. ಆದರೆ ಉಳಿದರ್ಧ ಖಾಲಿಯಾಗಲು ಮಾತ್ರ ಹೊತ್ತೋ ಹೊತ್ತು. ಒಂದು ಭಾನುವಾರ ಗಡಿಯಾರ ಇಟ್ಟುಕೊಂಡು ಕೂತೆ. ಪೂರ್ತಿ ಖಾಲಿಯಾಗಲು 20 ನಿಮಿಷದ ಹತ್ತಿರ ಬೇಕಾಯಿತು, ಮೊದಲರ್ಧ ಆರೇ ನಿಮಿಷಕ್ಕೆ ಹೋಗಿತ್ತು! ಮೊದಲು ಧಾರೆ ದೂರಕ್ಕೆ ಚಿಮ್ಮುತ್ತದೆ, ಬರಬರುತ್ತಾ ಬಕೆಟ್‌ನ ಮೈಗೇ ಅಂಟಿಕೊಂಡು ಇಳಿಯುತ್ತದೆ. ಇದು 17ನೇ ಶತಮಾನದಲ್ಲೇ ಇಟಲಿಯ ವಿಜ್ಞಾನಿ ಟಾರಿಚೆಲ್ಲಿ ಹೇಳಿದ ಮಾತು: ತೂತಿನಿಂದ ನೀರು ಹೊರಡುವ ವೇಗ ಮೇಲಿನ ನೀರಿನ ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಇರುತ್ತದೆ. ಎತ್ತರ ಕಾಲು ಭಾಗಕ್ಕೆ ಇಳಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ತೊಟ್ಟಿಯಾದರೆ, ತುಂಬಿದ್ದಾಗ ಸೋರುವ ವೇಗ ಸರಾಸರಿಯ ಎರಡರಷ್ಟು.

ಈಗ ಮೊದಲಿನ ತೊಟ್ಟಿಗೆ ಬನ್ನಿ. ಬಿಯನ್ನು ಬಿಟ್ಟು ಎ ಮತ್ತು ಸಿ ಮಾತ್ರ ತೆರೆದರೆ ಎಷ್ಟು ಹೊತ್ತು ಅಂತ ಕೇಳ್ತಾರೆ. ಐದು ಬರುತ್ತದೆ, ಮೂರು ಹೋಗುತ್ತದೆ, ಗಂಟೆಗೆ ಎರಡು ಉಳಿಯುತ್ತದೆ, 30 ಗಂಟೆ. ಗೈಡುಗಳೆಲ್ಲ ಹೀಗೇ ಹೇಳ್ತವೆ. ಆದರೆ ಸಿ ತಳದಲ್ಲಿರುವ ನಲ್ಲಿಯಾದರೆ, ಗಂಟೆಗೆ 3 ಅನ್ನೋದು ಬರೀ ಸರಾಸರಿ. ತೊಟ್ಟಿ ತುಂಬಿದ್ದಾಗ ಅದು 6 ಬಕೆಟ್ ಬಿಡುತ್ತದೆ. ಎ ಹಾಕುವುದು 5. ಹೋಗುವುದು ಆರರಿಂದ ಐದಕ್ಕೆ ಇಳಿಯೋದು ನೀರಿನ ಎತ್ತರ 5/6ರ ವರ್ಗದಷ್ಟಿದ್ದಾಗ. ಅಂದರೆ ತೊಟ್ಟಿ 36ರಲ್ಲಿ 25 ಪಾಲು, ಸುಮಾರು 70%, ಏರಿದ ಮೇಲೆ ಅಲ್ಲೇ ನಿಂತುಬಿಡುತ್ತದೆ. ಬರುವುದೂ ಐದು, ಹೋಗುವುದೂ ಐದು. 30 ಗಂಟೆ ಅಲ್ಲ, 30 ವರ್ಷ ಕಾದರೂ ತುಂಬಲ್ಲ.

ಇದನ್ನು ಮೇಷ್ಟ್ರಿಗೆ ತೋರಿಸಿದೆ. ಹಾಳೆಯನ್ನು ಎರಡು ಸಲ ನೋಡಿದರು.

'ಸರಿ ಇದೆಯಲ್ಲೋ.'

'ಹಾಗಾದ್ರೆ ಏನ್ ಸಾರ್ ಬರೀಲಿ?'

'30 ಬರಿ. ಸೆಲೆಕ್ಟ್ ಆದ್ಮೇಲೆ ಬೇಕಾದ್ರೆ ಸತ್ಯ ಹೇಳ್ತಿರು.'

ಪಿಜಿ ಮಾಲೀಕರ ಹತ್ತಿರ ಬೇರೆ ಬಕೆಟ್ ಕೇಳಿದೆ. ಅವರು ಇನ್ನೂ ಸರಳ ದಾರಿ ಕಂಡುಕೊಂಡಿದ್ದರು. 'ಅರ್ಧಾನೇ ತುಂಬಿಸ್ಕೊಳ್ಳಪ್ಪ, ಆಗ ಕಮ್ಮಿ ಸೋರುತ್ತೆ.' ಟಾರಿಚೆಲ್ಲಿಯನ್ನು ಓದದೆಯೇ ಪಾಸಾದವರು ಅಂದ್ರೆ ಇವರು.

ಉತ್ತರ ಹಾಳೆಯಲ್ಲಿ ಗುರುತು ಹಾಕುವ ಇನ್ನೊಂದು ಪರೀಕ್ಷೆಯ ದಿನ ಆ ಪ್ರಶ್ನೆ ಬಂದೇ ಬಂತು, ಅಂಕಿ ಮಾತ್ರ ಬದಲು: ಎ 8 ಗಂಟೆ, ಸಿ 12 ಗಂಟೆ. ಲಸಾಅ 24, ಬರುವುದು 3, ಹೋಗುವುದು 2, ಉತ್ತರ 24. ನಿಜದಲ್ಲಿ ತುಂಬಿದಾಗ ಹೋಗುವುದು 4, ಹಾಗಾಗಿ ಇದೂ ತುಂಬಲ್ಲ. 24 ಅನ್ನೋ ಆಯ್ಕೆಯ ವೃತ್ತವನ್ನು ಕಪ್ಪು ಪೆನ್ನಲ್ಲಿ ಒಂಚೂರೂ ಬಿಳಿ ಕಾಣದ ಹಾಗೆ ತುಂಬಿಸಿ ಬಂದೆ. ಆ ಇಡೀ ವ್ಯವಹಾರದಲ್ಲಿ ಪೂರ್ತಿ ತುಂಬಿದ್ದು ಅದೊಂದೇ.